ಸಾಲದ ಕಂತಿನ ಲೆಕ್ಕ: ತಿಂಗಳ ಬಡ್ಡಿ ಸರಿಯಿದೆಯಾ, ಒಟ್ಟು ಬಡ್ಡಿ ಎಷ್ಟು?

ಪಿಯು ವಿದ್ಯಾರ್ಥಿಗಳಿಗೆ ಇಎಂಐ ಸೂತ್ರ ಬಾಯಿಪಾಠ ಇರುತ್ತದೆ. ಉತ್ತರ ತಪ್ಪುವುದು ಹೆಚ್ಚಾಗಿ ಸೂತ್ರದಲ್ಲಲ್ಲ, ಅದಕ್ಕೆ ಹಾಕುವ ಬಡ್ಡಿ ದರದಲ್ಲಿ. ಹಾಗಾಗಿ ಈ ಹಾಳೆಯಲ್ಲಿ ಎರಡೇ ಕೆಲಸ ಮಾಡೋಣ. ವರ್ಷದ ದರವನ್ನು ತಿಂಗಳಿಗೆ ಸರಿಯಾಗಿ ಇಳಿಸುವುದು, ಆಮೇಲೆ ಸಾಲ ತೀರುವಷ್ಟರಲ್ಲಿ ಕಟ್ಟುವ ಒಟ್ಟು ಬಡ್ಡಿಯನ್ನು ಎರಡು ದಾರಿಯಲ್ಲಿ ತಾಳೆ ನೋಡುವುದು.

ಉದಾಹರಣೆಗೆ, ಧಾರವಾಡದಲ್ಲಿ ಓದುವ ಹುಡುಗಿಯೊಬ್ಬಳ ಮನೆಯವರು ಹುಬ್ಬಳ್ಳಿಯ ಶೋರೂಮಿನಲ್ಲಿ ಸ್ಕೂಟರ್ ನೋಡಿದ್ದಾರೆ ಎಂದುಕೊಳ್ಳಿ. ಕೈಯಿಂದ ಕೊಡುವುದು ಕೊಟ್ಟು, 60,000 ರೂಪಾಯಿ ಸಾಲ ಬೇಕು. ಬ್ಯಾಂಕಿನ ದರ ವರ್ಷಕ್ಕೆ ಶೇ 12, ಅವಧಿ 2 ವರ್ಷ. ಹಾಳೆಯ ಮೇಲ್ಭಾಗದಲ್ಲಿ ಈ ಮೂರನ್ನು ಬರೆಯಿರಿ. ಅವಧಿಯನ್ನು ಮಾತ್ರ ತಿಂಗಳಲ್ಲೇ ಬರೆಯಿರಿ: 24.

ಮೊದಲು ತಿಂಗಳ ದರ

ನಮ್ಮ ಕಡೆ ಊರಲ್ಲಿ ಕೈಸಾಲ ಕೊಡುವವರು ವರ್ಷದ ಲೆಕ್ಕ ಹೇಳುವುದೇ ಇಲ್ಲ. ‘ನೂರಕ್ಕ ಒಂದ್ ರೂಪಾಯಿ’, ‘ನೂರಕ್ಕ ಎರಡ್ ರೂಪಾಯಿ’ ಎನ್ನುತ್ತಾರೆ. ಅದು ತಿಂಗಳ ಬಡ್ಡಿ. ನೂರಕ್ಕೆ ಒಂದು ಎಂದರೆ ವರ್ಷಕ್ಕೆ ಶೇ 12, ಎರಡು ಎಂದರೆ ಶೇ 24. ಬ್ಯಾಂಕು ವರ್ಷದ ದರ ಹೇಳುತ್ತದೆ, ನಾವು ಅದನ್ನು ತಿಂಗಳಿಗೆ ಇಳಿಸಬೇಕು. 12 ಭಾಗಿಸು 12, ಅಂದರೆ ತಿಂಗಳಿಗೆ ಶೇ 1. ಇನ್ನೂ ಒಂದು ಹೆಜ್ಜೆ ಬಾಕಿ ಇದೆ: ಅದನ್ನು 100ರಿಂದ ಭಾಗಿಸಿದರೆ 0.01. ಸೂತ್ರಕ್ಕೆ ಹೋಗುವುದು ಈ 0.01 ಮಾತ್ರ.

ಇಲ್ಲಿ ಜಾಣ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ. ‘ಸರ್, ತಿಂಗಳಿಗೆ ಶೇ 1ರಂತೆ ಚಕ್ರಬಡ್ಡಿ ಹಾಕಿದರೆ ವರ್ಷಕ್ಕೆ 12 ಆಗಲ್ಲ, 12.68 ಆಗುತ್ತಲ್ಲಾ?’ ಹೌದು, ಆಗುತ್ತದೆ. 1.01ರ 12ನೇ ಘಾತ 1.1268. ಆದರೂ ನಮ್ಮ ಬ್ಯಾಂಕುಗಳ ಇಎಂಐ ಲೆಕ್ಕದಲ್ಲಿ ವರ್ಷದ ದರವನ್ನು ನೇರವಾಗಿ 12ರಿಂದ ಭಾಗಿಸುವುದೇ ರೂಢಿ. 1.12ರ 12ನೇ ಮೂಲ ತೆಗೆದು 0.0095 ಹಾಕಿದರೆ ಬ್ಯಾಂಕಿನ ಅಂಕಿಗೆ ತಾಳೆಯಾಗುವುದಿಲ್ಲ.

ದರ ಸರಿಯಿದೆಯಾ ಎಂದು ತಿಳಿಯಲು ಮೊದಲ ತಿಂಗಳ ಬಡ್ಡಿ ಬರೆದು ನೋಡಿ. 60,000 × 0.01 = 600 ರೂಪಾಯಿ. ನೂರಕ್ಕೆ ಒಂದರಂತೆ 60,000ಕ್ಕೆ 600, ಬಾಯಿಲೆಕ್ಕಕ್ಕೂ ಅದೇ ಬರುತ್ತದೆ ಅಲ್ವಾ? ಯಾರಾದರೂ 0.12 ಹಾಕಿದ್ದರೆ ಮೊದಲ ತಿಂಗಳಿಗೇ 7,200 ಬಂದಿರುತ್ತದೆ. ಅದು ಇಡೀ ವರ್ಷದ ಬಡ್ಡಿ. ಸೂತ್ರ ಮುಟ್ಟುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ.

ಕಂತು

```
E = P × r × (1+r)^n ÷ ((1+r)^n − 1)
```

P ಅಸಲು, r ತಿಂಗಳ ದರ, n ತಿಂಗಳುಗಳು. 1.01ರ 24ನೇ ಘಾತಕ್ಕೆ ಹೆದರಬೇಡಿ. 12ನೇ ಘಾತ 1.126825. ಅದನ್ನು ಅದರಿಂದಲೇ ಗುಣಿಸಿದರೆ 24ನೇ ಘಾತ ಸಿಗುತ್ತದೆ: 1.269735. ಛೇದದಲ್ಲಿ 0.269735. 1.269735ನ್ನು ಇದರಿಂದ ಭಾಗಿಸಿ 600ರಿಂದ ಗುಣಿಸಿದರೆ ಕಂತು 2,824.41 ರೂಪಾಯಿ.

ದಶಾಂಶದ ಆರು ಸ್ಥಾನ ಬಿಡಬೇಡಿ. ಸುಮ್ನೆ 1.27 ಎಂದು ಬರೆದರೆ ಕಂತು 2,822 ಬರುತ್ತದೆ. ಸ್ಕೂಟರ್ ಸಾಲಕ್ಕೆ ಎರಡು ರೂಪಾಯಿ ಸಣ್ಣದು. ಮನೆ ಸಾಲದಷ್ಟು ದೊಡ್ಡ ಮೊತ್ತಕ್ಕೆ ಇದೇ ತಪ್ಪು ದೊಡ್ಡದಾಗುತ್ತದೆ.

ಬಾಕಿಯ ಪಟ್ಟಿ

ಈಗ ನಾಲ್ಕು ಕಾಲಂ ಗೆರೆ ಎಳೆಯಿರಿ: ತಿಂಗಳು, ಬಡ್ಡಿ, ಅಸಲಿಗೆ ಹೋದದ್ದು, ಬಾಕಿ. ಮೊದಲ ಕಂತಿನ 2,824.41ರಲ್ಲಿ 600 ಬಡ್ಡಿಗೆ, 2,224.41 ಅಸಲಿಗೆ. ಬಾಕಿ 57,775.59. ಎರಡನೇ ತಿಂಗಳ ಬಡ್ಡಿಯನ್ನು ಈ ಬಾಕಿಯ ಮೇಲೆ ಹಾಕಬೇಕು: 577.76. ಅಸಲಿಗೆ 2,246.65 ಹೋಗಿ ಬಾಕಿ 55,528.94. ಹೀಗೇ 24 ಸಾಲು. ಕಂತು ಒಂದೇ ಇದ್ದರೂ ಬಡ್ಡಿಯ ಪಾಲು ಇಳಿಯುತ್ತಾ, ಅಸಲಿನ ಪಾಲು ಏರುತ್ತಾ ಹೋಗುತ್ತದೆ.

12ನೇ ಸಾಲಿನಲ್ಲಿ ನಿಂತು ನೋಡಿ. ಅರ್ಧ ಕಂತು ಕಟ್ಟಿ ಆಗಿದೆ, ಆದರೆ ಬಾಕಿ 30,000ಕ್ಕೆ ಇಳಿದಿಲ್ಲ. ಇನ್ನೂ ಸುಮಾರು 31,789 ಇದೆ. ಮೊದಲ ವರ್ಷ ಬಡ್ಡಿಗೆ ಹೋದದ್ದು ಸುಮಾರು 5,682 ರೂಪಾಯಿ, ಎರಡನೇ ವರ್ಷ 2,104 ಮಾತ್ರ.

24ನೇ ಸಾಲಿನ ಬಾಕಿ ಸೊನ್ನೆ ಆಗಬೇಕು. ಪೈಸೆ ಬಿಟ್ಟು 2,824 ರೂಪಾಯಿಯ ಕಂತು ಹಾಕಿದ್ದರೆ ಕೊನೆಗೆ ಸುಮಾರು 11 ರೂಪಾಯಿ ಉಳಿಯುತ್ತದೆ, ಅದನ್ನು ಕೊನೆಯ ಕಂತಿಗೆ ಸೇರಿಸಿ. ನೂರಾರು ರೂಪಾಯಿ ಉಳಿದರೆ ಮಾತ್ರ ಎಲ್ಲೋ ತಪ್ಪಿದೆ. ಆಗ ಮೇಲಿನಿಂದ ಹುಡುಕಿ. ಯಾವುದೋ ತಿಂಗಳಲ್ಲಿ ಬಡ್ಡಿಯನ್ನು ಬಾಕಿಯ ಬದಲು ಮೂಲ ಸಾಲದ ಮೇಲೆ ಹಾಕಿರುತ್ತೀರಿ.

ಒಟ್ಟು ಬಡ್ಡಿಯ ತಾಳೆ

ಒಂದು ದಾರಿ: ಕಂತು × 24 = 67,785.84. ಇದರಲ್ಲಿ ಅಸಲು 60,000 ಕಳೆದರೆ 7,785.84. ಇನ್ನೊಂದು ದಾರಿ: ಬಡ್ಡಿಯ ಕಾಲಂ ಪೂರ್ತಿ ಕೂಡಿಸುವುದು. ಕೆಲವು ಪೈಸೆ ಬಿಟ್ಟರೆ ಎರಡೂ ಒಂದೇ ಆಗಬೇಕು.

ಇವೆರಡಕ್ಕೂ ಮೊದಲು ಒಂದು ಅಂದಾಜು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅಸಲು ತಿಂಗಳಿಗೆ ಸಮನಾಗಿ ತೀರುತ್ತದೆ ಎಂದುಕೊಂಡರೆ ಒಟ್ಟು ಬಡ್ಡಿ P × r × (n+1) ÷ 2. ಅಂದರೆ 600 × 12.5 = 7,500. ನಿಜವಾದ ಬಡ್ಡಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಯಾಕೆಂದರೆ ಇಎಂಐನಲ್ಲಿ ಮೊದಮೊದಲು ಅಸಲು ನಿಧಾನವಾಗಿ ತೀರುತ್ತದೆ. ಇಂಥ ಸಣ್ಣ ಅವಧಿಯ ಸಾಲಕ್ಕೆ ಈ ಅಂದಾಜು ಚೆನ್ನಾಗಿ ಹೊಂದುತ್ತದೆ. 20 ವರ್ಷದ ಸಾಲಕ್ಕೆ ಬಳಸಬೇಡಿ.

‘ಹತ್ತೇ ಪರ್ಸೆಂಟ್’ ಎಂದಾಗ

ಶೋರೂಮಿನಲ್ಲೇ ಸಾಲ ಮಾಡಿಸಿಕೊಡುವವರು ‘ಬ್ಯಾಂಕಿನ್ಯಾಗ 12 ಐತ್ರಿ, ನಮ್ಮಲ್ಲಿ ಫ್ಲ್ಯಾಟ್ 10’ ಎಂದರು ಎನ್ನಿ. ಫ್ಲ್ಯಾಟ್ ಎಂದರೆ ಬಾಕಿ ಎಷ್ಟೇ ಇಳಿದರೂ ಬಡ್ಡಿ ಪೂರ್ತಿ 60,000ದ ಮೇಲೆಯೇ. ವರ್ಷಕ್ಕೆ 6,000, ಎರಡು ವರ್ಷಕ್ಕೆ 12,000. ಒಟ್ಟು 72,000 ಭಾಗಿಸು 24, ಕಂತು 3,000. ಬ್ಯಾಂಕಿನ 7,786ಕ್ಕೆ ಹೋಲಿಸಿದರೆ 4,214 ರೂಪಾಯಿ ಜಾಸ್ತಿ. 10 ಎನ್ನುವ ಅಂಕಿ 12ಕ್ಕಿಂತ ಚಿಕ್ಕದು ಎಂದು ಸಹಿ ಹಾಕಿದವರ ಜೇಬಿನಿಂದ ಹೋಗುವ ಹಣ ಇದು. ಅದಕ್ಕೇ ನಾನು ಈ ಲೆಕ್ಕವನ್ನು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಮಾಡಿಸಬೇಕು ಎನ್ನುತ್ತೇನೆ.

ಈ 3,000ದ ಕಂತು ಬಾಕಿಯ ಮೇಲಿನ ಲೆಕ್ಕದಲ್ಲಿ ಯಾವ ದರಕ್ಕೆ ಸಮ? ಕಂಪ್ಯೂಟರ್ ಲ್ಯಾಬಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಇದನ್ನು ಹಾಕಿ:

```
=RATE(24,-3000,60000)*12*100
```

18.16 ಬರುತ್ತದೆ. ಅಂದರೆ ವರ್ಷಕ್ಕೆ ಶೇ 18ಕ್ಕೂ ಮೇಲೆ. ನಿಮ್ಮ ಬ್ಯಾಂಕ್ ಕಂತನ್ನೂ `=PMT(0.01,24,-60000)` ಹಾಕಿ ಪರೀಕ್ಷಿಸಬಹುದು, 2,824.41 ಬರಬೇಕು.

2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ರಿಟೇಲ್ ಸಾಲಗಳಿಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಇರುತ್ತದೆ. ಅದು ನಿಮ್ಮ 12ಕ್ಕಿಂತ ಜಾಸ್ತಿ ಕಂಡರೆ ಗಾಬರಿಯಾಗಬೇಡಿ, ಶುಲ್ಕ ಎಷ್ಟು ಎಂದು ಕೇಳಿ. 1,500 ರೂಪಾಯಿ ಮೊದಲೇ ಮುರಿದುಕೊಂಡರೆ ಕೈಗೆ ಬರುವುದು 58,500, ಕಂತು ಮಾತ್ರ ಅದೇ 2,824.41. ಮೇಲಿನ RATE ಸಾಲಿನಲ್ಲಿ ಈ ಎರಡು ಅಂಕಿ ಬದಲಿಸಿದರೆ ಸುಮಾರು 14.57 ಬರುತ್ತದೆ.