ಫಾಯಿಲ್, ಉಬ್ಬು, ಹೊಳಪು: ಪೆಟ್ಟಿಗೆಯ ಚಿತ್ರಕ್ಕೆ ವಿವರಣೆ ಬರೆಯುವುದು ಹೇಗೆ?

ಹೊಸ ಉತ್ಪನ್ನ ಅಂಗಡಿಗೆ ಬರುವ ಮೊದಲೇ ಅದರ ಪೆಟ್ಟಿಗೆಯ ಚಿತ್ರ ಬೇಕಾಗುತ್ತದೆ. ವೆಬ್‌ಸೈಟ್‌ಗೆ ಬೇಕು, ವಿತರಕರಿಗೆ ತೋರಿಸಲು ಬೇಕು. ಬರೀ ಫೋಟೊಗಾಗಿ ಡೈ ಎಂಬ ಒತ್ತಚ್ಚು ಮಾಡಿಸಿ ಮಾದರಿ ಅಚ್ಚು ಹಾಕಿಸುವುದು ದುಬಾರಿ. ಹಾಗಾಗಿ 3ಡಿ ಚಿತ್ರ ಮಾಡುವವರಿಗೆ ನಾಲ್ಕು ಸಾಲಿನ ವಿವರಣೆ ಬರೆದು ಕಳಿಸುತ್ತಾರೆ. ಎಡವಟ್ಟು ಹೆಚ್ಚಾಗಿ ಶುರುವಾಗುವುದು ಆ ನಾಲ್ಕು ಸಾಲಿನಲ್ಲೇ.

ಚಿಕ್ಕಮಗಳೂರಿನ ಕಾಫಿಪುಡಿಗೆ ಕಾಲು ಕೆ.ಜಿ.ಯ ಉಡುಗೊರೆ ಪೆಟ್ಟಿಗೆ ಮಾಡಿಸುತ್ತಿದ್ದೇವೆ ಎಂದುಕೊಳ್ಳೋಣ. ಸಾಮಾನ್ಯವಾಗಿ ಹೋಗುವ ವಿವರಣೆ ಹೀಗಿರುತ್ತದೆ: ‘ಕಡುಹಸಿರು ಪ್ರೀಮಿಯಂ ಬಾಕ್ಸ್. ಹೆಸರು ಗೋಲ್ಡ್‌ನಲ್ಲಿ. ಕಾಫಿ ಹಣ್ಣಿನ ಗೊಂಚಲು ಎಂಬಾಸ್. ಎಲೆಗಳು ಶೈನಿಂಗ್. ರಿಚ್ ಲುಕ್ ಇರಲಿ.’ ಇದನ್ನು ಓದಿ ಮಾಡಿದ ಚಿತ್ರದಲ್ಲಿ ಹೆಸರು ತಿಳಿಹಳದಿಯಿಂದ ಕಂದಿಗೆ ಇಳಿಯುವ ಬಣ್ಣವಾಗಿ ಬರುತ್ತದೆ, ಹಣ್ಣುಗಳು ಪೆಟ್ಟಿಗೆಗೆ ಅಂಟಿಸಿದ ಗುಂಡಿಗಳಂತೆ ಎದ್ದು ನಿಲ್ಲುತ್ತವೆ, ಹೊಳಪು ಇಡೀ ಪೆಟ್ಟಿಗೆಗೆ ಹರಡುತ್ತದೆ. ಚಿತ್ರ ಮಾಡಿದವರನ್ನು ದೂರುವಂತಿಲ್ಲ. ಪ್ರೀಮಿಯಂ, ರಿಚ್ ಎಂಬ ಮಾತು ನೋಡುವವರ ಮೇಲೆ ಆಗಬೇಕಾದ ಪರಿಣಾಮವನ್ನು ಹೇಳುತ್ತದೆ. ಮೇಲ್ಮೈ ಹೇಗಿರಬೇಕು, ಬೆಳಕು ಬಿದ್ದಾಗ ಅದು ಏನು ಮಾಡಬೇಕು ಎಂಬುದನ್ನು ಹೇಳುವುದಿಲ್ಲ. ಫಾಯಿಲ್, ಉಬ್ಬು, ಹೊಳಪು ಈ ಮೂರು ಕೆಲಸಗಳೂ ನಿಂತಿರುವುದು ಬೆಳಕಿನ ಮೇಲೆ. ಹಾಗಾಗಿ ಪದಗಳನ್ನೂ ಬೆಳಕನ್ನು ನೋಡಿಯೇ ಆರಿಸಬೇಕು.

1. ಮೊದಲು ಹೊಳೆಯದ ಭಾಗವನ್ನು ಬರೆಯಿರಿ

ಹೊಳಪು ಕಾಣಬೇಕಾದರೆ ಸುತ್ತ ಹೊಳಪಿಲ್ಲದ ಜಾಗ ಇರಬೇಕು. ಆದ್ದರಿಂದ ಮೊದಲ ಸಾಲು ತಳದ ಬಗ್ಗೆ ಇರಲಿ: ‘350 ಜಿಎಸ್‌ಎಂ ಬೋರ್ಡ್, ಕಡುಹಸಿರು ಮುದ್ರಣ, ಮೇಲೆ ಪೂರ್ತಿ ಮ್ಯಾಟ್ ಲ್ಯಾಮಿನೇಷನ್, ಯಾವ ಕೋನದಿಂದಲೂ ಬೆಳಕಿನ ಚೂಪಾದ ಪ್ರತಿಬಿಂಬ ಇಲ್ಲ.’ ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬೋರ್ಡ್ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಕೊನೆಯ ತುಣುಕನ್ನು ಬಿಡಬೇಡಿ. ‘ಮ್ಯಾಟ್’ ಎಂದಷ್ಟೇ ಬರೆದರೆ ಕೆಲವರು ಅರೆಹೊಳಪು ಕೊಡುತ್ತಾರೆ. ಆಗ ಎಲೆಯ ಮೇಲಿನ ಸ್ಪಾಟ್ ಯುವಿ ಎಂಬ ಹೊಳೆಯುವ ವಾರ್ನಿಷ್ ಎದ್ದು ಕಾಣುವುದೇ ಇಲ್ಲ.

2. ಫಾಯಿಲ್‌ಗೆ ಬಣ್ಣದ ಹೆಸರು ಸಾಲದು

ಮುದ್ರಣಾಲಯದ ಗೋಲ್ಡ್ ಫಾಯಿಲ್‌ನಲ್ಲಿ ಚಿನ್ನ ಇರುವುದಿಲ್ಲ. ತೆಳುವಾದ ಪಾಲಿಯೆಸ್ಟರ್ ಹಾಳೆಯ ಮೇಲೆ ಹಳದಿ ಛಾಯೆಯ ಪಾರದರ್ಶಕ ಲೇಪ, ಅದರಡಿ ಅಲ್ಯೂಮಿನಿಯಂನ ಅತಿ ತೆಳುವಾದ ಪದರ, ಕೊನೆಗೆ ಬಿಸಿಗೆ ಕರಗುವ ಅಂಟು. ಕಾಯಿಸಿದ ಲೋಹದ ಬ್ಲಾಕ್ ಒತ್ತಿದಾಗ ಹಾಳೆ ಬಿಟ್ಟು ಉಳಿದದ್ದು ಬೋರ್ಡಿಗೆ ಕೂರುತ್ತದೆ. ನಾವು ನೋಡುವುದು ಹಳದಿ ಗಾಜಿನ ಹಿಂದಿನ ಕನ್ನಡಿಯನ್ನು ಎನ್ನಬಹುದು. ಎದುರಿಗೆ ಬಿಳಿ ಗೋಡೆ ಇದ್ದರೆ ತಿಳಿ ಚಿನ್ನ, ಕತ್ತಲ ಕೋಣೆ ಇದ್ದರೆ ಹೆಚ್ಚುಕಡಿಮೆ ಕಪ್ಪು.

ಅದಕ್ಕೇ ‘ಗೋಲ್ಡ್’ ಎಂದು ಬರೆದು ಬಿಟ್ಟರೆ ಹಳದಿ ಶಾಯಿಯೇ ಬರುವುದು. ಹೀಗೆ ಬರೆಯಿರಿ: ‘ಹೆಸರು ಹಾಟ್ ಫಾಯಿಲ್ ಸ್ಟ್ಯಾಂಪಿಂಗ್. ತಿಳಿ ಚಿನ್ನದ ಛಾಯೆ, ಕನ್ನಡಿಯಂತೆ ಪ್ರತಿಫಲಿಸುವ ಬಗೆ. ಒಂದೇ ಅಕ್ಷರದಲ್ಲಿ ಉಜ್ವಲ ಪಟ್ಟಿಯೂ ಕಪ್ಪು ಪಟ್ಟಿಯೂ ಅಕ್ಕಪಕ್ಕ ಕಾಣಲಿ, ನಡುವಿನ ಬದಲಾವಣೆ ಚುರುಕಾಗಿರಲಿ.’ ಕನ್ನಡಿಯಂಥ ಫಾಯಿಲ್ ಬೇಡ, ಸ್ಯಾಟಿನ್ ಫಾಯಿಲ್ ಬೇಕು ಎಂದಾದರೆ ಕೊನೆಯ ವಾಕ್ಯವನ್ನು ‘ಹೊಳಪಿನ ಪಟ್ಟಿಯ ಅಂಚು ಮಸುಕಾಗಿ ಹರಡಿರಲಿ’ ಎಂದು ಬದಲಿಸಿದರೆ ಸಾಕು. ‘ಥಳಥಳ’, ‘ಮಿನುಗುವ’ ಎಂಬ ಪದಗಳನ್ನು ಇಲ್ಲಿ ದೂರವಿಡಿ. ಮಿನುಗು ಎಂದರೆ ಚಿತ್ರ ಮಾಡುವವರು ಗ್ಲಿಟರ್ ಪುಡಿ ಉದುರಿಸುತ್ತಾರೆ, ಇಲ್ಲವೇ ಅಕ್ಷರದ ತುದಿಗೆ ನಕ್ಷತ್ರ ಇಡುತ್ತಾರೆ.

ಕನ್ನಡ ಅಕ್ಷರಕ್ಕೆ ಫಾಯಿಲ್ ಹಾಕಿಸುವಾಗ ಗಾತ್ರವನ್ನೂ ನಮೂದಿಸಬೇಕು. ‘ಥ’, ‘ಠ’ ಒಳಗಿನ ಚುಕ್ಕೆಯ ಸುತ್ತ ಉಳಿಯುವ ಜಾಗ ಬಹಳ ಕಡಿಮೆ. ಸಣ್ಣ ಅಕ್ಷರವಾದರೆ ಫಾಯಿಲ್ ಅಲ್ಲಿ ತುಂಬಿಕೊಂಡು ಚುಕ್ಕೆಯೂ ಅಕ್ಷರದ ಗೆರೆಯೂ ಒಂದಾಗುತ್ತವೆ. ಒತ್ತಕ್ಷರಗಳ ಗತಿಯೂ ಅದೇ. ಚಿತ್ರದಲ್ಲಿ ಎಷ್ಟು ಸಣ್ಣ ಅಕ್ಷರವಾದರೂ ಸ್ಪಷ್ಟವಾಗಿ ಹೊಳೆಯಬಹುದು, ಬೋರ್ಡಿನ ಮೇಲೆ ಹಾಗಾಗುವುದಿಲ್ಲ. ಕಾಲು ಮಿಲಿಮೀಟರ್‌ಗಿಂತ ಸಣ್ಣ ಗೆರೆ, ಸಣ್ಣ ಸಂದು ಎರಡನ್ನೂ ಫಾಯಿಲ್‌ಗೆ ಇಡಬೇಡಿ. ಒಳಗಿರುವುದು ಎಷ್ಟು ಗ್ರಾಂ ಎಂಬ ಸಾಲು ಸಾದಾ ಶಾಯಿಯಲ್ಲೇ ಇರಲಿ.

3. ಉಬ್ಬಿಗೆ ಎತ್ತರ, ಅಂಚು, ನೆರಳು

‘3ಡಿ ಲುಕ್’ ಎಂಬುದು ಈ ವಿವರಣೆಗಳಲ್ಲೇ ಅತಿ ಹೆಚ್ಚು ಹಾನಿ ಮಾಡುವ ಪದ ಎಂದು ನನಗೆ ಅನಿಸುತ್ತದೆ. ಎಂಬಾಸಿಂಗ್‌ನಲ್ಲಿ ಬೋರ್ಡನ್ನು ಗಂಡು ಹೆಣ್ಣು ಡೈಗಳ ನಡುವೆ ಒತ್ತಿ ಉಬ್ಬಿಸುತ್ತಾರೆ. ಹೊಸದಾಗಿ ಏನನ್ನೂ ಅಂಟಿಸುವುದಿಲ್ಲ, ಬೋರ್ಡೇ ಹಿಗ್ಗಬೇಕು. ಹಿಗ್ಗುವುದಕ್ಕೆ ಮಿತಿ ಇದೆ, ಮೀರಿದರೆ ನಾರು ಬಿರಿಯುತ್ತದೆ. ನಮ್ಮ 350 ಜಿಎಸ್‌ಎಂ ಬೋರ್ಡಿನಲ್ಲಿ ಸುಮಾರು 0.3ರಿಂದ 0.4 ಮಿಲಿಮೀಟರ್ ಏರಿಕೆ ಎಂದುಕೊಳ್ಳುವುದು ಸುರಕ್ಷಿತ. ಕಣ್ಣಿಗಿಂತ ಬೆರಳಿಗೆ ಹೆಚ್ಚು ತಿಳಿಯುವ ಎತ್ತರ ಅದು.

ಆದ್ದರಿಂದ ವಿವರಣೆಯಲ್ಲಿ ಸಂಖ್ಯೆಯನ್ನೇ ಬರೆಯಿರಿ: ‘ಹಣ್ಣುಗಳು 0.4 ಮಿ.ಮೀ. ಉಬ್ಬಿರಲಿ. ಅಂಚು ಮೆತ್ತಗೆ ದುಂಡಾಗಿ ತಳಕ್ಕೆ ಸೇರಲಿ. ಉಬ್ಬಿನ ಮೇಲೂ ಅದೇ ಹಸಿರು, ಅದೇ ಮ್ಯಾಟ್. ಎಡದ ಬೆಳಕಿಗೆ ಬಲ ಅಂಚಿನಲ್ಲಿ ಮಾತ್ರ ತೆಳು ನೆರಳು.’ ಬಣ್ಣ, ಫಾಯಿಲ್ ಏನೂ ಇಲ್ಲದ ಇಂಥ ಉಬ್ಬಿಗೆ ಮುದ್ರಕರು ಬ್ಲೈಂಡ್ ಎಂಬಾಸ್ ಎನ್ನುತ್ತಾರೆ. ಆ ಹೆಸರನ್ನೂ ಸೇರಿಸಿ. ಒಳಕ್ಕೆ ಒತ್ತಿದ್ದಾದರೆ ಡಿಬಾಸ್. ನೆರಳಿನ ದಿಕ್ಕು ಬರೆಯುವುದು ಯಾಕೆಂದರೆ, ಎಡದಿಂದ ಬೆಳಕು ಬರುವಾಗ ನೆರಳು ಎಡ ಅಂಚಿನಲ್ಲೇ ಬಿದ್ದರೆ ಕಣ್ಣು ಅದನ್ನು ತಗ್ಗು ಎಂದು ಓದುತ್ತದೆ.

ಹೆಸರಿಗೆ ಫಾಯಿಲ್, ಉಬ್ಬು ಎರಡೂ ಬೇಕಿದ್ದರೆ ‘ಫಾಯಿಲ್ ಎಂಬಾಸ್, ಒಂದೇ ಡೈ’ ಎಂದು ಬರೆಯಿರಿ. ಬೇರೆ ಬೇರೆಯಾಗಿ ಒತ್ತಿದರೆ ಅರ್ಧ ಮಿಲಿಮೀಟರ್‌ವರೆಗೆ ಆಚೀಚೆ ಸರಿಯುವ ಸಂಭವ ಇರುತ್ತದೆ. ಫಾಯಿಲ್‌ನ ಅಂಚು ಉಬ್ಬಿನ ಅಂಚಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತ ಚಿತ್ರ ತೋರಿಸಿದರೆ ಗಿರಾಕಿ ಅದನ್ನೇ ಕೇಳುತ್ತಾರೆ.

4. ಸ್ಪಾಟ್ ಯುವಿ: ಬಣ್ಣ ಬದಲಿಸಬೇಡಿ

ಸ್ಪಾಟ್ ಯುವಿ ಎಂದರೆ ಬೇಕಾದ ಕಡೆ ಮಾತ್ರ ಹಚ್ಚಿ ನೇರಳಾತೀತ ದೀಪದ ಕೆಳಗೆ ಗಟ್ಟಿಯಾಗಿಸುವ ಬಣ್ಣವಿಲ್ಲದ ವಾರ್ನಿಷ್. ಕಾಫಿ ಎಲೆ ಗಿಡದಲ್ಲೇ ಹೊಳೆಯುವಂಥದ್ದು, ಅದರ ಅಲೆಯಂಥ ಅಂಚೂ ಚೆಂದ. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಇದರ ಜಾಗ ಎಲೆಯೇ.

ತಪ್ಪು ಹೆಚ್ಚಾಗುವುದೂ ಇಲ್ಲೇ. ‘ಶೈನಿಂಗ್ ಎಲೆ’ ಎಂದರೆ ಚಿತ್ರದಲ್ಲಿ ಎಲೆ ತಿಳಿಹಸಿರಾಗುತ್ತದೆ, ಕೆಲವೊಮ್ಮೆ ಬೆಳ್ಳಿಯಾಗುತ್ತದೆ. ವಾರ್ನಿಷ್ ಹಾಗೆ ಮಾಡುವುದಿಲ್ಲ. ಬೆಳಕು ಪ್ರತಿಫಲಿಸದ ಕಡೆ ಅದು ಅಡಿಯ ಹಸಿರನ್ನು ಸ್ವಲ್ಪ ಗಾಢಗೊಳಿಸುತ್ತದೆ, ಪ್ರತಿಫಲಿಸಿದ ಕಡೆ ಬಿಳಿ ಗೆರೆ ತೋರಿಸುತ್ತದೆ. ಬರೆಯಬೇಕಾದ್ದು ಹೀಗೆ: ‘ಎಲೆಗಳು ಕೇವಲ ಸ್ಪಾಟ್ ಯುವಿ, ಪಾರದರ್ಶಕ, ಬಣ್ಣವಿಲ್ಲ, ಲೋಹದ ಗುಣವಿಲ್ಲ. ತಳಕ್ಕಿಂತ ಒಂದು ಛಾಯೆ ಗಾಢ ಹಸಿರು. ಬೆಳಕಿನ ಬಿಳಿ ಪ್ರತಿಬಿಂಬ ಅರ್ಧ ಎಲೆಯನ್ನು ದಾಟಿ ಹೋಗಲಿ, ಎಲೆಯ ಅಂಚಿನಲ್ಲಿ ಥಟ್ಟನೆ ನಿಲ್ಲಲಿ. ಉಳಿದರ್ಧ ಎಲೆ ಹಿನ್ನೆಲೆಯಲ್ಲಿ ಬಹುತೇಕ ಅಡಗಿರಲಿ.’

ಅಡಗಿರುವುದೇ ಈ ಕೆಲಸದ ಸೊಗಸು. ಪೆಟ್ಟಿಗೆ ಹೊರಳಿಸಿದಾಗ ಎಲೆ ಮೂಡಿ ಮರೆಯಾಗುತ್ತದೆ. ಎಲ್ಲ ಎಲೆಗಳೂ ಪೂರ್ತಿ ಕಾಣಲಿ ಎಂದು ಪಟ್ಟು ಹಿಡಿದರೆ ಚಿತ್ರದಿಂದ ಅದು ಹೋಗಿಬಿಡುತ್ತದೆ.

3ಡಿ ತಂತ್ರಾಂಶ ಬಳಸುವವರ ಜೊತೆ ಮಾತಾಡುವಾಗ ಎರಡು ಪದ ಗೊತ್ತಿದ್ದರೆ ಸಾಕು: `Metallic` ಎಂದರೆ ಲೋಹದ ಗುಣ, `Roughness` ಎಂದರೆ ಮೇಲ್ಮೈಯ ಒರಟುತನ. ಫಾಯಿಲ್‌ಗೆ `Metallic` 1, ಎಲೆಯ ವಾರ್ನಿಷ್‌ಗೆ `Metallic` 0. ಎರಡಕ್ಕೂ `Roughness` ಕಡಿಮೆ, ಮ್ಯಾಟ್ ತಳಕ್ಕೆ ಹೆಚ್ಚು.

5. ಬೆಳಕಿಗೆ ಒಂದು ಪೂರ್ತಿ ಸಾಲು

ಕ್ಯಾಮೆರಾದ ದಿಕ್ಕಿನಿಂದಲೇ ನೇರ ಬೆಳಕು ಬಿಟ್ಟರೆ ಉಬ್ಬಿನ ನೆರಳು ಹೋಗುತ್ತದೆ, ಎಲೆ ಮಾಯವಾಗುತ್ತದೆ. ಉಬ್ಬಿಗೆ ಬೇಕಾದ್ದು ಮೇಲ್ಮೈಯನ್ನು ಸವರಿಕೊಂಡು ಹೋಗುವ ಪಕ್ಕದ ಬೆಳಕು. ಫಾಯಿಲ್‌ಗೆ ಬೇಕಾದ್ದು ಪ್ರತಿಫಲಿಸಲು ಒಂದು ಬಿಳಿ, ಒಂದು ಕಪ್ಪು. ಎಲೆಗೆ, ಬೆಳಕು ಬಡಿದು ನೇರ ಕ್ಯಾಮೆರಾಕ್ಕೆ ಬರುವ ಕೋನ. ಮೂರನ್ನೂ ಬಹುಮಟ್ಟಿಗೆ ಹೊಂದಿಸುವ ಸಾಲು ಇದು: ‘ಪೆಟ್ಟಿಗೆ ಸ್ವಲ್ಪ ಓರೆಯಾಗಿ ಮಲಗಿರಲಿ. ಎಡ ಹಿಂಬದಿಯಿಂದ ತಗ್ಗಿನಲ್ಲಿ ಒಂದೇ ಉದ್ದನೆಯ ಮೃದು ಬೆಳಕು. ಬಲ ಹಿಂಬದಿಯಲ್ಲಿ ಕಪ್ಪು ಹಲಗೆ. ಕ್ಯಾಮೆರಾ ಮೇಲಿನಿಂದ ಓರೆಯಾಗಿ ನೋಡಲಿ.’ ಹೊಂದದಿದ್ದರೆ ಒಂದೇ ಚಿತ್ರಕ್ಕೆ ಒತ್ತಾಯಿಸಬೇಡಿ. ಇಡೀ ಪೆಟ್ಟಿಗೆಯದೊಂದು, ಹಣ್ಣು ಮತ್ತು ಎಲೆಯ ಹತ್ತಿರದ ನೋಟ ಇನ್ನೊಂದು ಎಂದು ಕೇಳಿ.

6. ಬಂದ ಚಿತ್ರವನ್ನು ಪರೀಕ್ಷಿಸಿ

ಮೊದಲು ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಹೆಸರಿನಲ್ಲಿ ಬಹುತೇಕ ಬಿಳಿಯೂ ಬಹುತೇಕ ಕಪ್ಪೂ ಎರಡೂ ಇದ್ದರೆ ಅದು ಫಾಯಿಲ್. ಬರೀ ನಡುವಿನ ಬೂದು ಇದ್ದರೆ ಹಳದಿ ಶಾಯಿ. ಆಮೇಲೆ ಎಲೆಯ ನೆರಳಿನ ಭಾಗವನ್ನೂ ಪಕ್ಕದ ತಳವನ್ನೂ ದೊಡ್ಡದು ಮಾಡಿ ಹೋಲಿಸಿ. ಎಲೆ ತಳಕ್ಕಿಂತ ತಿಳಿಯಾಗಿದ್ದರೆ ವಾಪಸ್ ಕಳಿಸಿ. ಹಣ್ಣಿನ ನೆರಳು ಹಣ್ಣಿನ ಅರ್ಧದಷ್ಟು ಉದ್ದವಿದ್ದರೆ 0.4 ಮಿಲಿಮೀಟರ್ ಎಂಬುದನ್ನು ಯಾರೂ ಓದಿಲ್ಲ ಎಂದೇ ಅರ್ಥ.

ಚಿತ್ರದಲ್ಲಿ ಎಲೆ ಪೆಟ್ಟಿಗೆಯ ಮಡಿಕೆ ದಾಟಿ ಪಕ್ಕದ ಮುಖಕ್ಕೆ ಹೊರಳಿದೆಯೇ ಎಂದೂ ನೋಡಿ. ನೋಡಲು ಚೆಂದ, ಆದರೆ ಕ್ರೀಸಿಂಗ್ ಎಂಬ ಮಡಿಕೆಯ ಗೆರೆಯ ಮೇಲೆ ಗಟ್ಟಿಯಾದ ವಾರ್ನಿಷ್ ಬಿರುಕು ಬಿಡುತ್ತದೆ. ಅಂಟು ಹಚ್ಚುವ ಪಟ್ಟಿಯ ಮೇಲೆ ವಾರ್ನಿಷ್ ಬಂದರೆ ಅಂಟು ಹಿಡಿಯುವುದಿಲ್ಲ. ಎಲೆಯನ್ನು ಮಡಿಕೆಗೆ ಎರಡು ಮೂರು ಮಿಲಿಮೀಟರ್ ಮುಂಚೆಯೇ ನಿಲ್ಲಿಸಲು ಹೇಳಿ.

ಚಿತ್ರ ಒಪ್ಪಿಗೆಯಾದ ಮೇಲೆ ಇದೇ ಪದಗಳು ಮುದ್ರಣದ ಫೈಲ್‌ಗೂ ಹೋಗಬೇಕು. ಪ್ರತಿ ಕೆಲಸಕ್ಕೂ ಬೇರೆ ಪದರ ಮಾಡಿ, `FOIL`, `EMBOSS`, `SPOT UV` ಎಂದು ಹೆಸರಿಟ್ಟು, ಒಳಗಿನ ಆಕಾರಗಳನ್ನು ಛಾಯೆಗಳಿಲ್ಲದ ಅಪ್ಪಟ ಒಂದೇ ಬಣ್ಣದಲ್ಲಿ ತುಂಬಿ ಕೊಡಬೇಕು. `EMBOSS` ಪದರದ ಪಕ್ಕದಲ್ಲಿ 0.4 ಮಿ.ಮೀ. ಎಂದೂ ಬರೆಯಿರಿ. ನಿಮ್ಮ ಬೋರ್ಡ್ ಅಷ್ಟು ತಡೆಯದು ಎನಿಸಿದರೆ ಮುದ್ರಕರು ಡೈ ಮಾಡಿಸುವ ಮೊದಲೇ ಫೋನ್ ಮಾಡುತ್ತಾರೆ.