ಐದು ಕೊಡಪಾನ ಇಟ್ಟುಕೊಂಡು ಮಾಡಿದ ವಾರ್ಡ್ ಸಭೆ

ಉಡುಪಿ ಕಡೆಯ ಒಂದು ಗ್ರಾಮ ಪಂಚಾಯತಿನಲ್ಲಿ ನಾನು ಸದಸ್ಯೆ. ನನ್ನ ವಾರ್ಡಿನಲ್ಲಿ 90 ಮನೆ. ಅರ್ಧ ಗುಡ್ಡೆಯ ಮೇಲೆ, ಉಳಿದದ್ದು ಹೊಳೆ ಬದಿಯಲ್ಲಿ. ಮೇಲಿನವರ ಬಾವಿ ಮುರಕಲ್ಲಿನದ್ದು, ನೀರು ಸಿಹಿ. ಕೆಳಗಿನವರ ಬಾವಿಗೆ ಮಾರ್ಚ್ ಬಂದರೆ ಉಪ್ಪು ಹತ್ತುತ್ತದೆ, ಮಳೆ ಹಿಡಿಯುವ ತನಕ ಬಾಯಿಗೆ ಇಡುವ ಹಾಗಿಲ್ಲ.

ಮನೆ ಮನೆಗೆ ನಳ್ಳಿ ನೀರು ಕೊಡುವ ಜಲಜೀವನ್ ಯೋಜನೆಯ ಬಗ್ಗೆ ಹೇಳಲು ಮೊದಲ ಸಲ ಸಭೆ ಕರೆದಾಗ ನಾನು ಕಾಗದ ನೋಡಿ ಓದಿದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದೆ. ಯಾರಿಗೂ ಏನೂ ಅನಿಸಲಿಲ್ಲ. ಹತ್ತು ನಿಮಿಷದಲ್ಲಿ ಅರ್ಧ ಜನ ಎದ್ದು ಹೋದರು.

ಎರಡನೇ ಸಭೆಗೆ ಹೋಗುವ ಮೊದಲು ಮನೆಯ ಕೊಡಪಾನ ಅಳೆದು ನೋಡಿದೆ, 11 ಲೀಟರ್ ಹಿಡಿಯಿತು. ಅಂಥ ಐದು ಕೊಡಪಾನ ತುಂಬಿಸಿ ಅಂಗನವಾಡಿಯ ಜಗಲಿಯಲ್ಲಿ ಸಾಲಾಗಿ ಇಟ್ಟೆ. ಕಾಗದ ಮನೆಯಲ್ಲೇ ಬಿಟ್ಟು ಬಂದೆ, ಹೆಚ್ಚಿನದ್ದನ್ನು ತುಳುವಿನಲ್ಲೇ ಹೇಳಿದೆ. "ಇದು ಒಬ್ಬರ ಒಂದು ದಿನದ ನೀರು. ಐದು ಜನರ ಮನೆಗೆ 25 ಕೊಡಪಾನ, ಅಂದರೆ 275 ಲೀಟರ್. 90 ಮನೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 25 ಸಾವಿರ ಲೀಟರ್ ಆಯ್ತು. ಗುಡ್ಡೆಯ ಟ್ಯಾಂಕಿಯಲ್ಲಿ ಹಿಡಿಯುವುದೂ ಅಷ್ಟೇ."

ಆಗ ಮೇಲಿನ ಮನೆಯ ಅಣ್ಣ ಒಬ್ಬರು, "ತೆಂಗಿನ ಬುಡಕ್ಕೆ ಸ್ವಲ್ಪ ಬಿಟ್ಟರೆ ಏನಾಗ್ತದೆ ಅಕ್ಕ?" ಎಂದು ಕೇಳಿದರು. ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಮೇಲೆ ಒತ್ತಡ ಚೆನ್ನಾಗಿರುವಲ್ಲಿ ಪೈಪ್ ಹಾಕಿ ಬಿಟ್ಟರೆ ನಿಮಿಷಕ್ಕೆ 15 ಲೀಟರ್ ಬಂದರೂ ಒಂದು ಗಂಟೆಗೆ 900 ಲೀಟರ್. ಕೆಳಗಿನ ಮೂರು ಮನೆಯವರ ಇಡೀ ದಿನದ ನೀರು ಅದು. ಇಷ್ಟು ಹೇಳಿ ಐದು ಕೊಡಪಾನ ತೋರಿಸಿದೆ. ಅವರು ಮತ್ತೆ ವಾದ ಮಾಡಲಿಲ್ಲ.

"ಹಾಗಾದರೆ ಬಾವಿ ಮುಚ್ಚಬೇಕಾ?" ಎಂದು ಇನ್ನೊಬ್ಬರು ಕೇಳಿದರು. ಖಂಡಿತ ಬೇಡ. ತೋಟಕ್ಕೆ, ಬಟ್ಟೆ ಒಗೆಯಲಿಕ್ಕೆ ಬಾವಿ ನೀರೇ ಇರಲಿ. ಆದರೆ ಬಾವಿಯ ಪೈಪನ್ನೂ ಪಂಚಾಯತಿನ ಪೈಪನ್ನೂ ಒಂದಕ್ಕೊಂದು ಸೇರಿಸಬಾರದು. ನಾನು ಜಾಸ್ತಿ ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ, ಯಾಕೆಂದರೆ ಇದು ನಮ್ಮ ಕಡೆ ತುಂಬಾ ಸುಲಭವಾಗಿ ಆಗಿಬಿಡುತ್ತದೆ. ಮನೆಯಲ್ಲಿ ಹೇಗೂ ಬಾವಿಗೆ ಪಂಪ್ ಇರುತ್ತದೆ, ಮಾಡಿನ ಟ್ಯಾಂಕಿಗೆ ಒಂದೇ ಪೈಪ್ ಸಾಕು ಎಂದು ಪ್ಲಂಬರ್ ಎರಡನ್ನೂ ಜೋಡಿಸಿ ಹೋಗುತ್ತಾರೆ. ಪಂಚಾಯತಿನ ನೀರು ನಿಂತಿರುವಾಗ ರಸ್ತೆಯ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಆ ಹೊತ್ತಿಗೆ ಬಾವಿಯ ಪಂಪ್ ಹಾಕಿದರೆ, ಬಾವಿ ನೀರು ಹಿಂದಕ್ಕೆ ಹೋಗಿ ಬೀದಿಯ ಪೈಪಿಗೆ ಸೇರುತ್ತದೆ. ಮರುದಿನ ಪಕ್ಕದ ಮನೆಯವರು ಕುಡಿಯುವುದು ಅದನ್ನೇ. ನಡುವೆ ಒಂದು ವಾಲ್ವ್ ಉಂಟಲ್ಲ ಎಂದು ಕೆಲವರು ಹೇಳಿದರು. ಆ ವಾಲ್ವ್ ಸೋರಿದರೆ, ಅಥವಾ ತಿರುಗಿಸಲು ಮರೆತರೆ ಏನು ಮಾಡುವುದು? ಟ್ಯಾಂಕಿಗೆ ಎರಡು ಬೇರೆ ಬೇರೆ ಪೈಪ್ ತಂದು, ಎರಡೂ ಮೇಲಿನಿಂದ ಬೀಳುವ ಹಾಗೆ ಮಾಡಿದರೆ ಹೆದರಿಕೆ ಇಲ್ಲ.

ಗೊತ್ತಾಗುವುದು ಹೇಗೆ? ನಳ್ಳಿಯಲ್ಲಿ ಮೊದಲು ಬರುವ ನೀರು ಉಪ್ಪು ಅನಿಸಿದರೆ ಅನುಮಾನ ಪಡಬೇಕು. ಪಂಚಾಯತಿನ ಪರೀಕ್ಷೆ ಕಿಟ್‌ನ ಹನಿ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಹಳದಿ ಆಗುತ್ತದೆ. ಬೇರೆ ಮನೆಗಳಲ್ಲಿ ಹಳದಿ ಬಂದು, ಒಂದೆರಡು ಮನೆಯ ಹತ್ತಿರ ಮಾತ್ರ ಬಣ್ಣವೇ ಬರದಿದ್ದರೆ ಅಲ್ಲೇ ಎಲ್ಲೋ ಬೇರೆ ನೀರು ಸೇರುತ್ತಿರಬಹುದು. ನಳ್ಳಿ ಪೈಪಿಗೆ ಪಂಪ್ ಕೂರಿಸಿ ನೀರು ಎಳೆಯುವುದೂ ಇಷ್ಟೇ ಕೆಟ್ಟದ್ದು. ಅದು ಪೈಪಿನ ಸಣ್ಣ ಬಿರುಕಿನಿಂದ ಚರಂಡಿಯ ನೀರನ್ನೂ ಒಳಗೆ ಎಳೆಯುತ್ತದೆ.

ಕೊನೆಯಲ್ಲಿ ಹೊಳೆ ಬದಿಯ ಕಡೇ ಮನೆಯ ಅಜ್ಜಿ ಎದ್ದರು. "ನೀನು ಹೇಳಿದ್ದೆಲ್ಲ ಸರಿ ಮಗಳೇ, ನಮ್ಮಲ್ಲಿಗೆ ಬರ್ತದಾ?"

ಬರುತ್ತದೆ ಎಂದು ಸುಮ್ನೆ ಹೇಳಲು ಮನಸ್ಸು ಬರಲಿಲ್ಲ. ನೀರು ಬಿಟ್ಟ ದಿನ ನಾನೇ ಬಂದು ಅಳೆಯುತ್ತೇನೆ ಎಂದೆ. ದಿನಕ್ಕೆ ಒಂದು ಗಂಟೆ ನೀರು ಬಿಟ್ಟರೆ, 275 ಲೀಟರ್ ಸಿಗಲು ನಿಮಿಷಕ್ಕೆ ಸುಮಾರು ಐದು ಲೀಟರ್ ಬರಬೇಕು. ಅಂದರೆ ಹತ್ತು ಲೀಟರಿನ ಬಾಲ್ದಿ ಎರಡು ನಿಮಿಷದಲ್ಲಿ ತುಂಬಬೇಕು. ಈ ಲೆಕ್ಕ ಎಲ್ಲರಿಗೂ ಗೊತ್ತಿರಲಿ ಎಂದು ಸಭೆಯಲ್ಲೇ ಹೇಳಿದೆ.

ನೀರು ಬಿಟ್ಟ ದಿನ ಹೋದೆ. ಅಜ್ಜಿಯ ಮನೆಯಲ್ಲಿ ಬಾಲ್ದಿ ತುಂಬಲು ನಾಲ್ಕು ನಿಮಿಷ ಹಿಡಿಯಿತು. ಹಾಗಾದರೆ ಗಂಟೆಗೆ 150 ಲೀಟರ್ ಮಾತ್ರ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನೀರು ಬಿಡುವವರನ್ನು ಕರೆದುಕೊಂಡು ಗುಡ್ಡೆಯ ಕವಲಿನ ವಾಲ್ವ್ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಸಲ ಮೇಲೂ ಕೆಳಗೂ ಬಾಲ್ದಿ ಇಟ್ಟು ನೋಡಿದೆವು. ಮೂರನೇ ದಿನ ಎರಡೂ ಕಡೆ ಎರಡು ನಿಮಿಷದ ಆಸುಪಾಸಿಗೆ ಬಂತು. ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಎಂಬುದನ್ನು ಪಂಪ್ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ.