ಹಳೇ ಐಪಿಗಳನ್ನು ಬ್ಲಾಕ್‌ಲಿಸ್ಟಿನಿಂದ ಇಳಿಸಿದ ಕಥೆ: ನನ್ನ ಅನುಭವ

ಪುಣೆಯ ಹಿಂಜವಡಿಯಲ್ಲಿ ನಮ್ಮದು ಐದು ಜನರ ಸೆಕ್ಯುರಿಟಿ ತಂಡ. ಕೆಟ್ಟ ಐಪಿ, ಡೊಮೈನ್‌ಗಳ ಪಟ್ಟಿ ಕೊಡುವ ಯುಆರ್‌ಎಲ್‌ಹೌಸ್, ಥ್ರೆಟ್‌ಫಾಕ್ಸ್ ಫೀಡ್‌ಗಳು, ಸರ್ಕಾರದ ಸರ್ಟ್-ಇನ್ ಸಲಹೆಗಳು, ಎಲ್ಲವೂ ಇಂಥ ಮಾಹಿತಿಯನ್ನು ಒಂದೆಡೆ ಸೇರಿಸುವ ಮಿಸ್ಪ್‌ಗೆ ಬಂದು ಅಲ್ಲಿಂದ ನೇರ ಫೈರ್‌ವಾಲಿಗೆ ಹೋಗುತ್ತಿದ್ದವು. ಒಮ್ಮೆ ಬಂದದ್ದು ಲಿಸ್ಟಿನಿಂದ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಎರಡು ವರ್ಷದಲ್ಲಿ ಲಿಸ್ಟ್ ಸುಮಾರು 41 ಸಾವಿರ ದಾಟಿತ್ತು.

ಒಂದು ತಿಂಗಳ ಕೊನೆಗೆ ಸಂಬಳದ ಪೋರ್ಟಲ್ ತೆರೆಯಲಿಲ್ಲ. ನೋಡಿದರೆ ಅದರ ಐಪಿ ನಮ್ಮ ಲಿಸ್ಟಿನಲ್ಲೇ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಯಾರದೋ ಮಾಲ್‌ವೇರ್ ಸೈಟ್ ಹಲವು ಸೈಟ್‌ಗಳು ಹಂಚಿಕೊಳ್ಳುವ ಅದೇ ಸಿಡಿಎನ್ ಐಪಿಯ ಹಿಂದೆ ಇತ್ತಂತೆ. ಅರ್ಧ ದಿನ ಬೈಸಿಕೊಂಡೆ.

ಹಳೆಯದನ್ನು ತೆಗೆಯೋಣ ಅಂದಾಗ ಬೆಳಗಾವಿ ಕಡೆಯ ಸೀನಿಯರ್ ಒಬ್ಬರು, 'ತೆಗೆದ ಐಪಿಯಿಂದಲೇ ನಾಳೆ ದಾಳಿ ಬಂದ್ರೆ ಯಾರಪ್ಪ ಉತ್ತರ ಕೊಡೋದು?' ಅಂದರು. ಇನ್ನೊಂದು ಕಡೆ ಇದೇ ಕೆಲಸಕ್ಕೆ ಹದಿನೆಂಟು ಲಕ್ಷದ ಪ್ಲಾಟ್‌ಫಾರ್ಮ್ ಕೊಳ್ಳುವ ಮಾತು ನಡೆದಿತ್ತು. ನಾನು ಹಳೇ ವಿಎಂ ಒಂದರಲ್ಲಿ ಸ್ಕ್ರಿಪ್ಟ್ ಬರೆಯಲು ಕೂತೆ.

ಮೊದಲ ಪ್ರಯತ್ನ ಪೂರ್ತಿ ಫೇಲ್. ಐಪಿಗೆ 30 ದಿನ, ಡೊಮೈನ್‌ಗೆ 90 ದಿನ ಆಯಸ್ಸು ಕೊಟ್ಟೆ, ಆದರೆ ಒಂದೂ ಸಾಯಲಿಲ್ಲ. ಫೀಡನ್ನು ದಿನಾ ಹೊಸದಾಗಿ ಎಳೆಯುತ್ತಿದ್ದೆವಲ್ಲ, ಪ್ರತಿ ಸಲವೂ ನಮ್ಮಲ್ಲಿ ದಾಖಲಾದ ದಿನಾಂಕ ಹೊಸದಾಗುತ್ತಿತ್ತು. ನಮ್ಮ ದಿನಾಂಕ ಬಿಟ್ಟು ಫೀಡ್ ಕೊಡುವ `last_seen`, ಅಂದರೆ ಅದು ಕೊನೆಗೆ ಕಂಡ ದಿನ, ಹಿಡಿದ ಮೇಲೆ ಲಿಸ್ಟ್ ಒಂಬತ್ತು ಸಾವಿರಕ್ಕೆ ಇಳಿಯಿತು.

ಸೀನಿಯರ್ ಬಾಯಿ ಮುಚ್ಚಿಸಿದ್ದು ಮಾತ್ರ ಮುಂದಿನ ಹೆಜ್ಜೆ. ಅವಧಿ ಮುಗಿದದ್ದನ್ನು ಅಳಿಸಲಿಲ್ಲ, ಬ್ಲಾಕ್‌ನಿಂದ ಇಳಿಸಿ ಇನ್ನೂ 60 ದಿನ ಎಲ್ಲ ಲಾಗ್‌ಗಳನ್ನು ಗಮನಿಸುವ ಎಸ್‌ಐಇಎಂನಲ್ಲಿ ಬರೀ ಅಲರ್ಟ್ ಕೊಡುವಂತೆ ಇಟ್ಟೆ. ಸದ್ದು ಮಾಡಿದರೆ ಮನುಷ್ಯ ನೋಡುತ್ತಾನೆ, ನಿಜವಾದರೆ ಮತ್ತೆ ಮೇಲೆ ಹೋಗುತ್ತದೆ. ಮೊದಲ ಎರಡು ತಿಂಗಳಲ್ಲಿ ಹಾಗೆ ವಾಪಸ್ ಹೋದದ್ದು ಏಳೋ ಎಂಟೋ, ಅಷ್ಟೇ.

ಹೊಸದು ಬಂದಾಗಲೂ ನೇರ ಬ್ಲಾಕ್ ಇಲ್ಲ. ಮೊದಲು ಹಿಂದಿನ 30 ದಿನದ ಪ್ರಾಕ್ಸಿ ಲಾಗಿನಲ್ಲಿ ಹುಡುಕುತ್ತೇನೆ. ಒಂದೆರಡು ಮಷಿನ್ ಮಾತ್ರ ಅಲ್ಲಿಗೆ ಹೋಗಿದ್ದರೆ ಅದು ತನಿಖೆಯ ವಿಷಯ. ನೂರಾರು ಮಷಿನ್ ಹೋಗಿದ್ದರೆ ಬಹುಪಾಲು ಅದು ಸಿಡಿಎನ್ನೋ ಹಂಚಿಕೊಂಡ ಹೋಸ್ಟಿಂಗೋ ಆಗಿರುತ್ತದೆ, ಆಗ ಐಪಿ ಬಿಟ್ಟು ಡೊಮೈನ್ ಮಾತ್ರ ಬ್ಲಾಕ್. ನೂರಾರು ಅಂದರೆ ನಿಖರವಾಗಿ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನೊಂದು ಏಟೂ ತಿಂದೆ. ಒಂದು ರಾತ್ರಿ ಮಿಸ್ಪ್ ಉತ್ತರ ಕೊಡದೆ ಖಾಲಿ ಫೈಲ್ ತಯಾರಾಯಿತು. ಫೈರ್‌ವಾಲ್ ಅದನ್ನೇ ನಿಷ್ಠೆಯಿಂದ ಓದಿಕೊಂಡಿತು. ಬೆಳಗಿನವರೆಗೆ ಒಂದೂ ಬ್ಲಾಕ್ ಇರಲಿಲ್ಲ, ದೂರು ಕೊಡುವವರೂ ಇರಲಿಲ್ಲ! ಈಗ ಲಿಸ್ಟ್ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕುಗ್ಗಿದರೆ ಹಳೆಯದೇ ಉಳಿಯುತ್ತದೆ:

```
new=$(wc -l < new.txt); old=$(wc -l < live.txt)
[ "$new" -ge $((old * 8 / 10)) ] && mv new.txt live.txt
```

ನಡುವೆ ಸುಮ್ನೆ ಒಂದು ಪ್ರಯೋಗ: ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್‌ಗಳಿಗೂ ಅವಧಿ ಹಾಕಿದೆ. ಉಪಯೋಗವಾಗಲಿಲ್ಲ. ಐಪಿ ಕೈ ಬದಲಾಯಿಸುತ್ತದೆ, ಕೆಟ್ಟ ಫೈಲಿನ ಹ್ಯಾಶ್ ಯಾವತ್ತೂ ಒಳ್ಳೇ ಫೈಲಿನದಾಗಲ್ಲ. ಅವನ್ನು ಮಷಿನ್‌ಗಳನ್ನು ಕಾಯುವ ಇಡಿಆರ್‌ನಲ್ಲಿ ಹಾಗೇ ಬಿಟ್ಟಿದ್ದೇನೆ.

ಹದಿನೆಂಟು ಲಕ್ಷದ ಕಡತ ಇನ್ನೂ ಸಹಿ ಆಗಿಲ್ಲ.